ಗ್ರಾಹಕರು ಪಾರ್ಸೆಲ್ ಬೇಡ ಅಂದಾಗ ಅವರಿಗೆ ಬರೆಯುವುದು ಹೇಗೆ?

ಉಡುಪಿಯ ಒಂದು ಸಣ್ಣ ಅಂಗಡಿಯಿಂದ ಹಾಸನಕ್ಕೆ ಒಂದು ಕೈಮಗ್ಗದ ಸೀರೆ ಹೋಗಿದೆ ಅಂದುಕೊಳ್ಳಿ. ಬೆಲೆ 1,850 ರೂಪಾಯಿ, ಕ್ಯಾಶ್ ಆನ್ ಡೆಲಿವರಿ, ಅಂದರೆ ಸಿಒಡಿ. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಸೀರೆ ಮಂಗಳವಾರವೇ ಹಾಸನ ತಲುಪಿದೆ. ಆದರೆ ಸಂಜೆ ಕೊರಿಯರ್‌ನ ಪರದೆಯಲ್ಲಿ Customer refused ಎಂದು ಬಂದಿದೆ. ಈಗ ಆ ಗ್ರಾಹಕರಿಗೆ ಏನಂತ ಬರೆಯಬೇಕು?

ಉಡುಪಿ, ಮಂಗಳೂರು ಕಡೆ ಮನೆಯಿಂದಲೇ ಸೀರೆ, ಹಪ್ಪಳ, ಗೋಡಂಬಿ ಕಳಿಸುವವರು ತುಂಬಾ ಜನ ಇದ್ದಾರೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಸಿಟ್ಟಿನಲ್ಲಿ "ಆರ್ಡರ್ ಮಾಡಿ ಯಾಕೆ ಬೇಡ ಅಂದ್ರಿ?" ಎಂದು ಕೇಳುತ್ತಾರೆ. ಇಲ್ಲವೇ ಏನೂ ಬರೆಯದೆ ಪಾರ್ಸೆಲ್ ವಾಪಸ್ ಬರಲಿ ಎಂದು ಸುಮ್ನೆ ಇರುತ್ತಾರೆ. ಎರಡರಲ್ಲೂ ನಷ್ಟ ನಮ್ಮದೇ. ಹೋಗುವ ಸಾಗಣೆಯ ಹಣವೂ ಹೋಗುತ್ತದೆ, ಬರುವ ಸಾಗಣೆಯ ಹಣವೂ ಹೋಗುತ್ತದೆ, ಕಾರಣವೂ ಗೊತ್ತಾಗುವುದಿಲ್ಲ. ಸರಿಯಾದ ಒಂದು ಮೆಸೇಜ್ ಅದೇ ದಿನ ಹೋದರೆ ಪಾರ್ಸೆಲ್ ಉಳಿಯುವ ಅವಕಾಶ ಇದೆ.

ಬರೆಯುವ ಮೊದಲು ಪರದೆಯನ್ನು ಓದಿ

Customer refused ಎಂದು ಬರೆದದ್ದು ಗ್ರಾಹಕರಲ್ಲ, ಡೆಲಿವರಿಗೆ ಹೋದ ಹುಡುಗ. ಅವನ ಫೋನಿನಲ್ಲಿ ನಾಲ್ಕೈದು ಕಾರಣಗಳ ಪಟ್ಟಿ ಇರುತ್ತದೆ, ಅದರಲ್ಲಿ ಒಂದನ್ನು ಒತ್ತುತ್ತಾನೆ. ಮನೆಗೆ ಬೀಗ ಇತ್ತು, ಚಿಲ್ಲರೆ ಇರಲಿಲ್ಲ, ಮನೆಯ ಹಿರಿಯರು ಗೊತ್ತಿಲ್ಲ ಅಂದರು, ಕತ್ತಲಾಯಿತು, ಇವೆಲ್ಲವೂ ಕೆಲವೊಮ್ಮೆ ಅದೇ ಗುಂಡಿಯ ಕೆಳಗೆ ಬಂದು ಬಿಡುತ್ತವೆ. ಹಾಗಾಗಿ ಮೊದಲು ಟ್ರ್ಯಾಕಿಂಗ್ ಪೂರ್ತಿ ತೆರೆದು ಮೂರು ಸಂಗತಿ ನೋಡಿ.

ಒಂದು, ಹೊತ್ತು. Out for delivery ಎಂದು ಬೆಳಿಗ್ಗೆ ಬಂದು ರಾತ್ರಿ ಒಂಬತ್ತೂವರೆಗೆ Refused ಎಂದು ಬಿದ್ದಿದ್ದರೆ ಹುಡುಗ ಮನೆಗೆ ಹೋಗಿರುವುದೇ ಅನುಮಾನ. ದಿನದ ಕೊನೆಗೆ ಉಳಿದ ಪಾರ್ಸೆಲ್‌ಗಳನ್ನೆಲ್ಲ ಒಟ್ಟಿಗೆ ಮುಚ್ಚಿ ಹಾಕಿರಬಹುದು. ಎರಡು, ಕರೆ. ಕೆಲವು ಕೊರಿಯರ್‌ಗಳು ಗ್ರಾಹಕರಿಗೆ ಫೋನ್ ಮಾಡಿದ ವಿವರವನ್ನೂ ತೋರಿಸುತ್ತವೆ. ಒಂದೂ ಕರೆ ಇಲ್ಲದಿದ್ದರೆ ಅನುಮಾನ ಇನ್ನೂ ಜಾಸ್ತಿ. ಮೂರು, ಒಟಿಪಿ. ಈಗ ಕೆಲವು ಕಂಪನಿಗಳು ಬೇಡ ಅನ್ನುವ ಗ್ರಾಹಕರಿಗೆ ಒಂದು ಒಟಿಪಿ ಕಳಿಸಿ ಅದನ್ನು ಪಡೆದ ಮೇಲೆಯೇ Refused ಎಂದು ಹಾಕುತ್ತವೆ. ಒಟಿಪಿ ಆಗಿದೆ ಎಂದು ಇದ್ದರೆ ಗ್ರಾಹಕರೋ ಅವರ ಮನೆಯವರೋ ನಿಜವಾಗಿ ಬೇಡ ಅಂದಿದ್ದಾರೆ ಎಂದು ನಂಬಬಹುದು.

ಈ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ ವಾಪಸ್ ಸಾಗಣೆಯ ಹಣದ ಬಗ್ಗೆ ಕೊರಿಯರ್ ಜೊತೆ ಮಾತಾಡಬೇಕಾಗಿ ಬಂದರೆ ನಿಮ್ಮ ಕೈಯಲ್ಲಿ ಇರುವ ಆಧಾರ ಇದೊಂದೇ.

ಇನ್ನೊಂದು ಮುಖ್ಯವಾದದ್ದು ಗಡುವು. ಡೆಲಿವರಿ ಆಗದ ಪಾರ್ಸೆಲ್ ಕೊರಿಯರ್ ಪ್ಯಾನೆಲ್‌ನಲ್ಲಿ NDR ಎಂಬ ಪಟ್ಟಿಗೆ ಬರುತ್ತದೆ. ಅಲ್ಲಿ ಮತ್ತೆ ಪ್ರಯತ್ನಿಸಿ ಎಂದೋ ವಾಪಸ್ ಕಳಿಸಿ ಎಂದೋ ಹೇಳಲು ನಮಗೆ ಸಾಮಾನ್ಯವಾಗಿ ಒಂದೆರಡು ದಿನ ಮಾತ್ರ ಸಿಗುತ್ತದೆ. ಮನೆಯಲ್ಲಿ ಯಾರೂ ಇಲ್ಲ ಎಂದಾಗ ಎರಡು ಮೂರು ಸಲ ತಾವಾಗಿಯೇ ಹೋಗುವ ಕೊರಿಯರ್‌ಗಳು, ಬೇಡ ಅಂದಾಗ ಕಾಯದೆ ವಾಪಸ್ ಹಾಕುವುದೂ ಉಂಟು. ಪರದೆಯಲ್ಲಿ RTO initiated, ಅಂದರೆ ವಾಪಸ್ ಕಳಿಸಲು ಶುರುವಾಗಿದೆ, ಎಂದು ಬಂದ ಮೇಲೆ ಅದನ್ನು ತಿರುಗಿಸುವುದು ಬಹಳ ಕಷ್ಟ. ಹಾಗಾಗಿ ನಾಳೆ ನೋಡೋಣ ಎನ್ನಬೇಡಿ. ಗ್ರಾಹಕರ ಉತ್ತರ ಬರುವ ಮೊದಲೇ ಪಾರ್ಸೆಲ್ ಹೊರಟು ಹೋಗುವ ಹಾಗೆ ಕಂಡರೆ, ಪಾರ್ಸೆಲ್ ಇರುವ ಕೊರಿಯರ್ ಹಬ್‌ಗೆ ಅಥವಾ ಕಸ್ಟಮರ್ ಕೇರ್‌ಗೆ "ಗ್ರಾಹಕರ ಜೊತೆ ಮಾತಾಡುತ್ತಿದ್ದೇವೆ, ಒಂದು ದಿನ ತಡೆಹಿಡಿಯಿರಿ" ಎಂದು ಬರೆದು ಟಿಕೆಟ್ ಸಂಖ್ಯೆ ಪಡೆಯಿರಿ.

ಮೊದಲ ಮೆಸೇಜ್

ಫೋನ್ ಮಾಡಬಹುದಲ್ವಾ ಅನ್ನಬಹುದು. ಮಾಡಿ, ಆದರೆ ಮೊದಲು ಬರೆಯಿರಿ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಈಗ ಜನ ಎತ್ತುವುದಿಲ್ಲ. ಎತ್ತಿದರೂ ಎದುರಿಗೆ ಕೇಳಿದಾಗ ಮುಜುಗರಕ್ಕೆ "ಊರಲ್ಲಿರಲಿಲ್ಲ" ಎಂದು ಹೇಳಿ ಮುಗಿಸುತ್ತಾರೆ. ಬರೆದು ಕೇಳಿದರೆ ಯೋಚಿಸಿ ನಿಜ ಹೇಳಲು ಜಾಗ ಇರುತ್ತದೆ. ಆರ್ಡರ್ ಯಾವ ವಾಟ್ಸಾಪ್ ಮಾತುಕತೆಯಲ್ಲಿ ಬಂದಿತ್ತೋ ಅದರಲ್ಲೇ ಬರೆಯಿರಿ. ಮೇಲಕ್ಕೆ ಸರಿಸಿದರೆ ಅವರೇ ಆರಿಸಿದ ಸೀರೆಯ ಫೋಟೋ ಕಾಣುತ್ತದೆ. ಇದು ಮೋಸ ಅಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಹಾಸನದ ಗ್ರಾಹಕರಿಗೆ ಹೀಗೆ ಬರೆಯಬಹುದು:

> ನಮಸ್ಕಾರ ಅಕ್ಕ, ಉಡುಪಿ ಸೀರೆ ಅಂಗಡಿಯಿಂದ ಬರೆಯುತ್ತಿದ್ದೇನೆ. ನೀವು ಹೋದ ವಾರ ಆರಿಸಿದ ಹಸಿರು ಅಂಚಿನ ಸೀರೆ, ಆರ್ಡರ್ 412, ಇವತ್ತು ನಿಮ್ಮ ಕೈ ಸೇರಲಿಲ್ಲ ಎಂದು ಕೊರಿಯರ್‌ನವರು ತಿಳಿಸಿದ್ದಾರೆ. ಏನಾಯಿತು ಎಂದು ಒಂದು ಮಾತು ಹೇಳುತ್ತೀರಾ? ಸೀರೆ ಬೇಕಿದ್ದರೆ ನಾಳೆ ಮಧ್ಯಾಹ್ನ 12ರ ಒಳಗೆ ತಿಳಿಸಿ, ಮತ್ತೆ ತಂದುಕೊಡಲು ಹೇಳುತ್ತೇನೆ. ಬೇಡವಾದರೆ ಬೇಡ ಎಂದರೂ ಸಾಕು, ನೀವು ಏನೂ ಕೊಡಬೇಕಾಗಿಲ್ಲ.

ಇದರಲ್ಲಿ "ನೀವು ಬೇಡ ಅಂದಿರಿ" ಎಂಬ ಮಾತಿಲ್ಲ. ಅವರು ನಿಜವಾಗಿ ಬೇಡ ಅಂದಿಲ್ಲದಿದ್ದರೆ ಆ ಒಂದು ವಾಕ್ಯಕ್ಕೇ ಮನಸ್ಸು ಕೆಡುತ್ತದೆ. ಅಂದಿದ್ದರೂ ತಪ್ಪು ಮಾಡಿದವರ ಹಾಗೆ ಕೇಳಿದರೆ ಉತ್ತರ ಬರುವುದಿಲ್ಲ. ಹಾಗೆಯೇ ಡೆಲಿವರಿ ಹುಡುಗನನ್ನೂ ದೂರಿಲ್ಲ, ಏನಾಯಿತು ಎಂದು ನಮಗೆ ಇನ್ನೂ ಗೊತ್ತಿಲ್ಲವಲ್ಲ.

ಪ್ರಶ್ನೆ ಒಂದೇ. ವಿಳಾಸ ಸರಿಯಿದೆಯಾ, ಯಾವಾಗ ಸಿಗುತ್ತೀರಿ, ಹಣ ರೆಡಿ ಇದೆಯಾ ಎಂದು ಒಟ್ಟಿಗೆ ಕೇಳಿದರೆ ಜನ ಒಂದಕ್ಕೂ ಉತ್ತರ ಕೊಡುವುದಿಲ್ಲ. ಅದೆಲ್ಲ ಎರಡನೇ ಮೆಸೇಜ್‌ಗೆ ಇರಲಿ. ಬೇಡ ಎನ್ನುವ ದಾರಿಯನ್ನು ಮೊದಲೇ ತೆರೆದಿಟ್ಟದ್ದೂ ಬೇಕೆಂದೇ. ಬೇಡವಾದವರು ಬೇಗ ಬೇಡ ಅಂದರೆ ನಮಗೂ ಒಳ್ಳೆಯದೇ, ಇನ್ನೊಂದು ಸಲ ಕಳಿಸಿ ಕಾಯುವುದು ತಪ್ಪುತ್ತದೆ.

ಈ ಮೆಸೇಜ್‌ನಲ್ಲಿ ಹಣ ಕಟ್ಟುವ ಲಿಂಕ್ ಮಾತ್ರ ಹಾಕಲೇಬೇಡಿ. ಪಾರ್ಸೆಲ್ ನಿಂತಿದೆ, ಇಲ್ಲಿ ಒತ್ತಿ ಎಂಬ ಮೋಸದ ಮೆಸೇಜ್‌ಗಳು ಎಲ್ಲರ ಫೋನಿಗೂ ಬರುತ್ತಿವೆ. ನಿಮ್ಮದೂ ಹಾಗೆಯೇ ಕಂಡರೆ ನಿಮ್ಮ ನಂಬರನ್ನು ಬ್ಲಾಕ್ ಮಾಡುತ್ತಾರೆ. ಒಟಿಪಿ ಕೇಳುವುದಂತೂ ಯಾವತ್ತೂ ಬೇಡ.

ಉತ್ತರ ಬಂದಾಗ

ಹಾಸನದಿಂದ ರಾತ್ರಿ ಹೀಗೆ ಉತ್ತರ ಬಂತು ಅಂದುಕೊಳ್ಳಿ: "ನಾನು ಆಫೀಸಲ್ಲಿದ್ದೆ. ಮನೇಲಿ ಅತ್ತೆ ಇದ್ರು. 1,850 ಇಟ್ಟು ಬಂದಿದ್ದೆ, ಅವ್ರು 1,930 ಕೇಳಿದ್ರಂತೆ. ಬಾಕ್ಸ್ ಮೇಲೆ ನಿಮ್ಮ ಅಂಗಡಿ ಹೆಸರೂ ಇರ್ಲಿಲ್ಲ. ಅದಕ್ಕೆ ಬೇಡ ಅಂದ್ರು."

ನೋಡಿ, ಸೀರೆ ಬೇಡ ಎಂದು ಯಾರೂ ಹೇಳಿಲ್ಲ. 80 ರೂಪಾಯಿ ಸಿಒಡಿ ಶುಲ್ಕ ಸೇರುತ್ತದೆ ಎಂದು ಅಂಗಡಿಯವರು ಆರ್ಡರ್ ತೆಗೆದುಕೊಳ್ಳುವಾಗ ಹೇಳಿರಲಿಲ್ಲ. ಲೇಬಲ್ ಮೇಲೆ ಬಿದ್ದದ್ದು ಕೊರಿಯರ್ ಖಾತೆಯಲ್ಲಿ ನೋಂದಾಯಿಸಿದ ಹೆಸರು, ಅಂಗಡಿಯ ಹೆಸರಲ್ಲ. ಗೊತ್ತಿಲ್ಲದ ಹೆಸರಿನ ಬಾಕ್ಸ್‌ಗೆ ಹೇಳಿದ್ದಕ್ಕಿಂತ ಜಾಸ್ತಿ ಹಣ ಕೇಳಿದರೆ ಯಾವ ಅತ್ತೆಯೂ ಬೇಡ ಅನ್ನುತ್ತಾರೆ, ಅನ್ನಲೇಬೇಕು.

ಈಗ ಲೆಕ್ಕ ಹಾಕಿ. ಹಾಸನಕ್ಕೆ ಹೋಗುವ ಸಾಗಣೆ 95, ವಾಪಸ್ 95 ಎಂದಿಟ್ಟುಕೊಳ್ಳೋಣ. ಪಾರ್ಸೆಲ್ ವಾಪಸ್ ಬಂದರೆ 190 ರೂಪಾಯಿ ಹೋಯಿತು, ಮಾರಾಟವೂ ಹೋಯಿತು. 80 ರೂಪಾಯಿ ಬಿಟ್ಟುಕೊಟ್ಟರೆ ಸೀರೆ ಶುಕ್ರವಾರಕ್ಕೆ ತಲುಪುತ್ತದೆ. ಇಲ್ಲಿ ಬಿಡುವುದೇ ಸರಿ. ತಪ್ಪು ಮಾಹಿತಿ ಹೋಗಿದ್ದು ಅಂಗಡಿಯಿಂದಲೇ ಅಲ್ವಾ.

ಆದರೆ "1,850 ಕೊಟ್ಟರೆ ಸಾಕು" ಎಂದು ತಕ್ಷಣ ಬರೆದುಬಿಡಬೇಡಿ. ಡೆಲಿವರಿ ಹುಡುಗನಿಗೆ ಅವನ ಫೋನಿನಲ್ಲಿ ಕಾಣುವ ಮೊತ್ತವೇ ಲೆಕ್ಕ, ನಮ್ಮ ಮಾತಲ್ಲ. ಮೊದಲು ಕೊರಿಯರ್‌ಗೆ ಬರೆದು ಸಿಒಡಿ ಮೊತ್ತ ಇಳಿಸಲು ಕೇಳಿ. ಕೆಲವರು ಮಾಡಿಕೊಡುತ್ತಾರೆ, ಕೆಲವರು ಪಾರ್ಸೆಲ್ ಹೊರಟ ಮೇಲೆ ಆಗದು ಅನ್ನುತ್ತಾರೆ. ಪ್ಯಾನೆಲ್‌ನಲ್ಲಿ ಹೊಸ ಮೊತ್ತ ಕಂಡ ಮೇಲೆಯೇ ಗ್ರಾಹಕರಿಗೆ ಹೇಳಿ. ಆಗದಿದ್ದರೆ ಇರುವ ದಾರಿ ಇದು: ಅವರು 1,930 ಕೊಟ್ಟು ತೆಗೆದುಕೊಳ್ಳಲಿ, ಡೆಲಿವರಿ ಆದ ದಿನವೇ 80 ರೂಪಾಯಿ ಯುಪಿಐ ಮೂಲಕ ಹಿಂದಿರುಗಿಸುತ್ತೇವೆ ಎಂದು ಸ್ಪಷ್ಟವಾಗಿ ಬರೆಯಿರಿ, ಹಾಗೆಯೇ ಮಾಡಿ.

"ನಾನು ಈಗಲೇ ಯುಪಿಐ ಮಾಡ್ತೀನಿ, ಹಾಗೇ ಕೊಡೋಕೆ ಹೇಳಿ" ಎಂದು ಕೆಲವರು ಕೇಳುತ್ತಾರೆ. ಕೇಳುವುದಕ್ಕೆ ಸುಲಭ, ತೊಂದರೆ ಆಗುವುದೂ ಇಲ್ಲೇ. ಗ್ರಾಹಕರು ಹಣ ಹಾಕಿ, ಪಾರ್ಸೆಲ್ ಮಾತ್ರ ಸಿಒಡಿಯಾಗಿಯೇ ಉಳಿದರೆ, ಬಾಗಿಲಲ್ಲಿ ಮತ್ತೊಮ್ಮೆ ಹಣ ಕೇಳುತ್ತಾರೆ. ಎರಡನೇ ಸಲ ಬೇಡ ಅಂದರೆ ಪಾರ್ಸೆಲ್ ಹಾಸನ ಬಿಟ್ಟು ಹೊರಡುತ್ತದೆ, ಹಣ ನಮ್ಮಲ್ಲಿ ಇರುತ್ತದೆ, ಗ್ರಾಹಕರಿಗೆ ನಾವು ಮೋಸಗಾರರು. ಪಾರ್ಸೆಲ್ ಪ್ರಿಪೇಯ್ಡ್ ಆಗಿ ಬದಲಾಗಿದೆ ಎಂದು ಕೊರಿಯರ್ ಖಚಿತಪಡಿಸುವವರೆಗೆ ಹಣ ತೆಗೆದುಕೊಳ್ಳಬೇಡಿ.

ಎಲ್ಲ ಸರಿಯಾದ ಮೇಲೆ ಪ್ಯಾನೆಲ್‌ನಲ್ಲಿ Re-attempt ಒತ್ತಿ, ದಿನ, ಮನೆಯಲ್ಲಿ ಇರುವವರ ಫೋನ್ ನಂಬರ್, ಹತ್ತಿರದ ಗುರುತು ಹಾಕಿ. ಅದೇ ಪಿನ್‌ಕೋಡ್ ಒಳಗೆ ವಿಳಾಸದ ಸಣ್ಣ ತಿದ್ದುಪಡಿ ಸಾಮಾನ್ಯವಾಗಿ ನಡೆಯುತ್ತದೆ. ಬೇರೆ ಊರಿಗೆ ತಿರುಗಿಸುವುದು ಆಗುವುದಿಲ್ಲ ಎಂದೇ ತಿಳಿಯಿರಿ. ಅದಕ್ಕೆ ವಾಪಸ್ ತರಿಸಿ ಹೊಸದಾಗಿ ಕಳಿಸಬೇಕು.

ಆಮೇಲೆ ಎರಡನೇ ಮೆಸೇಜ್:

> ಅಕ್ಕ, ಹೇಳಿದ್ದಕ್ಕೆ ಧನ್ಯವಾದ. 80 ರೂಪಾಯಿ ಸಿಒಡಿ ಶುಲ್ಕದ ಬಗ್ಗೆ ನಾವು ಮೊದಲೇ ಹೇಳಬೇಕಿತ್ತು, ಕ್ಷಮಿಸಿ. ಅದನ್ನು ತೆಗೆಸಿದ್ದೇವೆ. ಗುರುವಾರ ಮತ್ತೆ ತರುತ್ತಾರೆ. ಇಂಥದೇ ಹೊತ್ತಿಗೆ ಎಂದು ಕೊರಿಯರ್‌ನವರು ಹೇಳುವುದಿಲ್ಲ, ಬರುವ ಮೊದಲು ಅತ್ತೆಯವರ ನಂಬರಿಗೆ ಫೋನ್ ಮಾಡಲು ಕೇಳಿದ್ದೇವೆ. ಕೊಡಬೇಕಾದದ್ದು 1,850 ಮಾತ್ರ. ಜಾಸ್ತಿ ಕೇಳಿದರೆ ಕೊಡಬೇಡಿ, ಆಗಲೇ ನನಗೆ ಫೋನ್ ಮಾಡಿ. ಬಾಕ್ಸ್‌ನ ಲೇಬಲ್ ಫೋಟೋ ಕೆಳಗಿದೆ, ಅತ್ತೆಯವರಿಗೂ ತೋರಿಸಿ.

ಲೇಬಲ್ ಫೋಟೋ ಇಲ್ಲಿ ತುಂಬಾ ಕೆಲಸ ಮಾಡುತ್ತದೆ. ಬಾಗಿಲಲ್ಲಿ ನಿಂತವರಿಗೆ ಇದು ನಮ್ಮದೇ ಬಾಕ್ಸ್ ಎಂದು ಗೊತ್ತಾಗುತ್ತದೆ. ಅದಕ್ಕೇ ಪ್ರತಿ ಪಾರ್ಸೆಲ್ ಕಳಿಸುವ ಮೊದಲು ಲೇಬಲ್ ಮತ್ತು ಅಂಟಿಸಿದ ಟೇಪ್ ಕಾಣುವ ಹಾಗೆ ಒಂದು ಫೋಟೋ ತೆಗೆದಿಡುವುದು ಒಳ್ಳೆಯದು. ಎರಡನೇ ಸಲ ಡೆಲಿವರಿ ಹೊರಟ ದಿನ ಬೆಳಿಗ್ಗೆ ಗ್ರಾಹಕರಿಗೆ ಒಂದು ಸಾಲು ನೆನಪಿಸಿ, ಸಾಕು.

ಬೇರೆ ಕಾರಣಗಳು

ಕೈಯಲ್ಲಿ ನಗದು ಇರಲಿಲ್ಲ ಎಂದರೆ ಎಲ್ಲಕ್ಕಿಂತ ಸುಲಭ. ಈಗ ಎಷ್ಟೋ ಡೆಲಿವರಿ ಹುಡುಗರ ಫೋನಿನಲ್ಲೇ ಕ್ಯೂಆರ್ ಇರುತ್ತದೆ. ಇದೆಯಾ ಎಂದು ಹಬ್‌ನಲ್ಲಿ ಕೇಳಿ ಗ್ರಾಹಕರಿಗೆ ತಿಳಿಸಿ. ತೆರೆದು ನೋಡಿ ಹಣ ಕೊಡುತ್ತೇನೆ ಅಂದದ್ದಕ್ಕೆ ಹುಡುಗ ಒಪ್ಪಲಿಲ್ಲ ಎಂದರೆ, ಕೊರಿಯರ್‌ನಲ್ಲಿ ಆ ವ್ಯವಸ್ಥೆ ಇಲ್ಲದಿದ್ದರೆ ಇಲ್ಲ ಎಂದೇ ಹೇಳಿ. ಬದಲಿಗೆ ಅದೇ ಸೀರೆಯನ್ನು ಪ್ಯಾಕ್ ಮಾಡುವಾಗ ತೆಗೆದ ಫೋಟೋ ಕಳಿಸಿ, ಸರಿ ಇಲ್ಲದಿದ್ದರೆ ಹೇಗೆ ವಾಪಸ್ ತೆಗೆದುಕೊಳ್ಳುತ್ತೀರಿ ಎಂದು ಬರೆಯಿರಿ.

ಬಾಕ್ಸ್ ಒದ್ದೆಯಾಗಿತ್ತು, ಹರಿದಿತ್ತು ಎಂದರೆ ಮತ್ತೆ ಅದನ್ನೇ ಕಳಿಸಲು ಹೇಳಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ಮಾಮೂಲಿ. ಹತ್ತಿ ಸೀರೆ ಒದ್ದೆ ಬಾಕ್ಸ್‌ನಲ್ಲಿ ನಾಲ್ಕು ದಿನ ಕೂತರೆ ಬೂಸ್ಟು ಕಲೆ ಬೀಳುತ್ತದೆ. "ತೆಗೆದುಕೊಳ್ಳದೆ ಒಳ್ಳೆಯದೇ ಮಾಡಿದಿರಿ" ಎಂದು ಬರೆದು, ಬಾಕ್ಸ್‌ನ ಫೋಟೋ ಇದ್ದರೆ ಕೇಳಿ, ವಾಪಸ್ ತರಿಸಿ ಬೇರೆ ಸೀರೆ ಕಳಿಸಿ.

ತಡವಾಯಿತು ಎಂಬ ಕಾರಣಕ್ಕೆ ಸ್ವಲ್ಪ ಜಾಸ್ತಿ ಗಮನ ಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಲಾರಿಗಳು ನಿಲ್ಲುತ್ತವೆ, ಇಲ್ಲವೇ ಸುತ್ತಿ ಬಳಸಿ ಹೋಗುತ್ತವೆ. ಹಬ್ಬ ಮುಗಿದ ಮೇಲೆ ಸೀರೆ ಬಂದರೆ ಯಾರಿಗೆ ಬೇಕು? 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷ ಇರುವ, ತೋರಿಸಿದ ಹಾಗೆ ಇಲ್ಲದ, ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರುವವರು ಹೇಳುವ ಹಾಗಿಲ್ಲ. ಪ್ರಕೃತಿ ವಿಕೋಪದಂಥ ನಮ್ಮ ಕೈ ಮೀರಿದ ಕಾರಣದಿಂದ ತಡವಾದರೆ ಮಾತ್ರ ಅದಕ್ಕೆ ವಿನಾಯಿತಿ ಇದೆ. ಆದರೂ ಆ ವಿನಾಯಿತಿಯನ್ನು ಗ್ರಾಹಕರ ಮುಂದೆ ಇಡಬೇಡಿ ಎಂದೇ ನಾನು ಹೇಳುತ್ತೇನೆ. ಘಾಟಿ ಮುಚ್ಚಿದ್ದು ಅವರ ತಪ್ಪೂ ಅಲ್ಲವಲ್ಲ. ತಡವಾದ ಕಾರಣ ಎರಡು ಸಾಲಿನಲ್ಲಿ ಹೇಳಿ, ಬೇಡವಾದರೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಬರೆಯಿರಿ.

ಮನಸ್ಸು ಬದಲಾಯಿತು, ಬೇರೆ ಕಡೆ ಸಿಕ್ಕಿತು ಎಂದರೆ ಒಲಿಸಲು ಹೋಗಬೇಡಿ. ರಿಯಾಯಿತಿ ಕೊಡುತ್ತೇವೆ ಎಂದು ಹಿಂದೆ ಬಿದ್ದರೆ ಬಾಗಿಲಲ್ಲಿ ಮತ್ತೆ ಬೇಡ ಅನ್ನುವವರೇ ಹೆಚ್ಚು.

ವಾಪಸ್ ಎಂದು ತೀರ್ಮಾನವಾದರೆ

ಗ್ರಾಹಕರಿಗೆ ಒಂದು ಮುಕ್ತಾಯದ ಮೆಸೇಜ್ ಹೋಗಲೇಬೇಕು. ಇಲ್ಲದಿದ್ದರೆ ಪಾರ್ಸೆಲ್ ಮತ್ತೆ ಬರುತ್ತದೋ, ಹಣ ಕೇಳುತ್ತಾರೋ ಎಂದು ಅವರಿಗೆ ಗೊತ್ತಾಗುವುದಿಲ್ಲ.

> ಅಕ್ಕ, ಆರ್ಡರ್ 412 ರದ್ದು ಮಾಡಿದ್ದೇವೆ. ಪಾರ್ಸೆಲ್ ನಮ್ಮ ಕಡೆಗೆ ಹೊರಟಿದೆ, ನೀವು ಏನೂ ಮಾಡಬೇಕಾಗಿಲ್ಲ, ಏನೂ ಕೊಡಬೇಕಾಗಿಲ್ಲ. ಅಕಸ್ಮಾತ್ ಮತ್ತೆ ನಿಮ್ಮ ಮನೆಗೆ ತಂದರೆ ತೆಗೆದುಕೊಳ್ಳದೆ ನನಗೆ ತಿಳಿಸಿ.

ಮೊದಲೇ ಹಣ ಕಟ್ಟಿದವರಾದರೆ ಎಷ್ಟು, ಯಾವ ದಿನದೊಳಗೆ, ಯಾವ ದಾರಿಯಲ್ಲಿ ವಾಪಸ್ ಬರುತ್ತದೆ ಎಂದು ಇದರಲ್ಲೇ ಬರೆಯಿರಿ. ಹಣ ಬಂದ ದಾರಿಯಲ್ಲೇ ಹಿಂದಿರುಗಿಸಿ. ದೋಷ ನಮ್ಮದಾದರೆ ಪಾರ್ಸೆಲ್ ಕೈಸೇರುವವರೆಗೆ ಕಾಯಬೇಡಿ. ಸಾಗಣೆಯ ಹಣ ಹಿಡಿಯೋಣ ಎಂದು ಅನಿಸಬಹುದು. ಆದರೆ ಅದೇ ಇ-ಕಾಮರ್ಸ್ ನಿಯಮಗಳ ಪ್ರಕಾರ, ನಾವೇ ಆರ್ಡರ್ ರದ್ದು ಮಾಡಿದಾಗ ಅಂಥದೇ ಶುಲ್ಕ ನಾವು ಕೊಡುವುದಿಲ್ಲವಾದರೆ ಗ್ರಾಹಕರಿಂದ ರದ್ದತಿ ಶುಲ್ಕ ಹಿಡಿಯುವ ಹಾಗಿಲ್ಲ.

ವಸ್ತು ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸೀರೆ ವಾಪಸ್ ಬಂದರೆ ಮತ್ತೆ ಮಾರಬಹುದು. ಹಲಸಿನ ಹಪ್ಪಳ ಎರಡು ಸಲ ಘಾಟಿ ಹತ್ತಿ ಇಳಿದು ಬಂದರೆ ಅರ್ಧಕ್ಕರ್ಧ ಪುಡಿ. ಬಾಳೆಹಣ್ಣಿನ ಹಲ್ವಾ ಎಷ್ಟು ದಿನ ಎಲ್ಲೆಲ್ಲಿ ಬಿಸಿಗೆ ಕೂತಿತ್ತು ಎಂದು ಗೊತ್ತಿಲ್ಲದೆ ಇನ್ನೊಬ್ಬರಿಗೆ ಕಳಿಸಲೇಬಾರದು. ತಿನ್ನುವ ಪದಾರ್ಥಕ್ಕೆ ಮರುಡೆಲಿವರಿ ಆದರೆ ಒಂದೆರಡು ದಿನದಲ್ಲೇ ಆಗಬೇಕು, ಇಲ್ಲವಾದರೆ ನಷ್ಟ ಎಂದು ಬಿಟ್ಟುಬಿಡುವುದೇ ಸರಿ.

ಉತ್ತರವೇ ಬರದಿದ್ದರೆ

ಮೆಸೇಜ್ ಓದಿದ ಗುರುತು ಬಂದಿದೆ, ಉತ್ತರ ಇಲ್ಲ. ಮರುದಿನ ಬೆಳಿಗ್ಗೆ ಒಮ್ಮೆ ಫೋನ್ ಮಾಡಿ. ಎತ್ತದಿದ್ದರೆ ಕೊನೆಯದಾಗಿ ಒಂದು ಮೆಸೇಜ್: "ಇವತ್ತು ಸಂಜೆ 5ರ ಒಳಗೆ ನಿಮ್ಮಿಂದ ಏನೂ ತಿಳಿಯದಿದ್ದರೆ ಪಾರ್ಸೆಲ್ ವಾಪಸ್ ತರಿಸುತ್ತೇವೆ. ಆಮೇಲೆ ಬೇಕಾದರೂ ಹೇಳಿ, ಹೊಸದಾಗಿ ಕಳಿಸೋಣ." ಅಷ್ಟೇ. ಉತ್ತರ ಇಲ್ಲದೆ ಸುಮ್ನೆ ಮರುಡೆಲಿವರಿ ಹಾಕಬೇಡಿ. ಪರದೆಯಲ್ಲಿ ಒಟಿಪಿ ಇಲ್ಲ, ಕರೆ ಇಲ್ಲ, ಹುಡುಗ ಹೋಗಿರುವುದೇ ಅನುಮಾನ ಎಂದಾದರೆ ಮಾತ್ರ ಒಂದು ಸಲ ಹಾಕಬಹುದು.

ಪಾರ್ಸೆಲ್ ವಾಪಸ್ ಬಂದಾಗ ಸಹಿ ಹಾಕುವ ಮೊದಲು ಹೊರಗಿನಿಂದ ನೋಡಿ. ನಿಮ್ಮ ಟೇಪ್ ಹಾಗೆಯೇ ಇದೆಯಾ, ತೂಕ ಸರಿಯಿದೆಯಾ? ಹರಿದಿದ್ದರೆ ಅವರ ಹಾಳೆಯಲ್ಲೋ ಆ್ಯಪ್‌ನಲ್ಲೋ ಅದನ್ನು ಬರೆಸಿಯೇ ತೆಗೆದುಕೊಳ್ಳಿ. ಲೇಬಲ್ ಕಾಣುವ ಹಾಗೆ ವಿಡಿಯೋ ಮಾಡುತ್ತಾ ತೆರೆಯಿರಿ, ಮಧ್ಯೆ ನಿಲ್ಲಿಸಬೇಡಿ. ಒಳಗೆ ಬೇರೆ ವಸ್ತು ಇದ್ದರೆ ಅಥವಾ ಸೀರೆ ಹಾಳಾಗಿದ್ದರೆ ಅದೇ ದಿನ ದೂರು ಕೊಡಿ, ಇದಕ್ಕೂ ಗಡುವು ಒಂದೆರಡು ದಿನ ಮಾತ್ರ. ಸೀರೆ ಚೆನ್ನಾಗಿದ್ದರೂ ಮಡಿಕೆ ಬಿಚ್ಚಿ ನೆರಳಲ್ಲಿ ಗಾಳಿಗೆ ಹಾಕಿ, ಆಮೇಲೆ ಕಪಾಟಿಗೆ ಇಡಿ. ಜಿಎಸ್‌ಟಿ ಬಿಲ್ ಮಾಡಿದ್ದರೆ ಕ್ರೆಡಿಟ್ ನೋಟ್ ಮಾಡಲು ಲೆಕ್ಕಪತ್ರದವರಿಗೆ ತಿಳಿಸಿ.

ಕಾರಣವನ್ನು ಆರ್ಡರ್ ಪುಸ್ತಕದಲ್ಲಿ ಗ್ರಾಹಕರ ಮಾತಿನಲ್ಲೇ ಬರೆದಿಡಿ, ಕೊರಿಯರ್ ಪರದೆಯ ಮಾತಿನಲ್ಲಲ್ಲ. "ಅತ್ತೆ ಇದ್ದರು, 1,930 ಕೇಳಿದರು, ಅಂಗಡಿ ಹೆಸರು ಇರಲಿಲ್ಲ." ಇಷ್ಟು ಬರೆದಿದ್ದರೆ ಮುಂದಿನ ಪಾರ್ಸೆಲ್‌ಗೆ ಲೇಬಲ್‌ನ ಹೆಸರು ಬದಲಾಯಿಸಬೇಕು, ಶುಲ್ಕ ಸೇರಿಸಿದ ಮೊತ್ತವನ್ನು ಆರ್ಡರ್ ದಿನವೇ ಹೇಳಬೇಕು ಎಂದು ತಾನಾಗಿ ಗೊತ್ತಾಗುತ್ತದೆ.